ಪಾರ್ಲರ್‌ನ ಪಾಯಿಂಟ್ ಲೆಕ್ಕ

ಬಡಾವಣೆಯ ಪಾರ್ಲರ್‌ಗೆ ಬರುವವರು ಹೆಚ್ಚಾಗಿ ಪರಿಚಿತರೇ. ಹೇಗೂ ಬರುವವರಿಗೆ ಬಿಲ್‌ನಲ್ಲೇ ರಿಯಾಯಿತಿ ಕೊಟ್ಟರೆ ಲಾಭ ಸೋರಿಹೋಗುತ್ತದೆ. ಪಾಯಿಂಟ್ ಯೋಜನೆಯ ಗುರಿ ಬೇರೆ: ಐಬ್ರೋಗಷ್ಟೇ ಬರುವವರು ಇನ್ನೊಂದು ಸೇವೆಯ ರುಚಿ ನೋಡಬೇಕು.

ಒಂದು ಲೆಕ್ಕ ಹಾಕೋಣ. 100 ರೂಪಾಯಿಗೆ ಒಂದು ಪಾಯಿಂಟ್. ತಿಂಗಳಿಗೆ 500 ರೂಪಾಯಿ ಖರ್ಚು ಮಾಡುವವರಿಗೆ ಎರಡೇ ತಿಂಗಳಲ್ಲಿ 10 ಪಾಯಿಂಟ್. ಅದಕ್ಕೆ 50 ರೂಪಾಯಿಯ ಐಬ್ರೋ ಉಚಿತ. ಬಳಸದೆ 40 ಕೂಡಿಸಿದರೆ 400 ರೂಪಾಯಿಯ ಹೇರ್ ಸ್ಪಾ. ಅದಕ್ಕೆ ಕ್ರೀಮು, ಶಾಂಪೂ ಸೇರಿ 100 ರೂಪಾಯಿ ಖರ್ಚಾದರೆ, 4,000 ರೂಪಾಯಿ ವ್ಯಾಪಾರಕ್ಕೆ ಕೈಯಿಂದ ಹೋಗುವುದು ಶೇ 2.5 ಮಾತ್ರ. ಆದರೆ ಕುರ್ಚಿ ಖಾಲಿಯಿರುವ ಮಂಗಳವಾರ, ಬುಧವಾರದ ಮಧ್ಯಾಹ್ನ ಕೊಟ್ಟಾಗ ಮಾತ್ರ ಈ ಲೆಕ್ಕ ಸರಿ. ಹಬ್ಬದ ಹಿಂದಿನ ದಿನ ಕೊಟ್ಟರೆ ಹಣ ಕೊಡುವ ಗಿರಾಕಿಯ ಜಾಗ ಹೋದಂತೆ. ಆ ಷರತ್ತನ್ನು ಕಾರ್ಡಿನಲ್ಲೇ ಬರೆದಿರಬೇಕು; ಆಮೇಲೆ ಹೇಳಿದರೆ ಮನಸ್ತಾಪ.

ಗೆಳತಿಯನ್ನು ಕರೆತಂದವರಿಗೆ 10 ಪಾಯಿಂಟ್ ಕೊಡಬಹುದು, ಒಂದೇ ಸಲಕ್ಕಲ್ಲ. ಹೊಸಬರು ಮೊದಲ ಬಿಲ್ ಕಟ್ಟಿದಾಗ ಐದು, ಎರಡನೇ ಸಲ ಬಂದಾಗ ಉಳಿದ ಐದು. ಹೊಸಬರಿಗೂ 300 ರೂಪಾಯಿ ಮೀರಿದ ಮೊದಲ ಬಿಲ್‌ನ ಜೊತೆ ಐಬ್ರೋ ಉಚಿತವಿದ್ದರೆ, ಕರೆತಂದವರಿಗೆ ಕಮಿಷನ್ ಪಡೆದ ಮುಜುಗರ ಇರುವುದಿಲ್ಲ.

ಹಳೆಯ ಗಿರಾಕಿಯೇ ಗಂಡನ ಮೊಬೈಲ್ ನಂಬರ್ ಕೊಟ್ಟು ಹೊಸಬರಾಗುವುದುಂಟು. ಮುಖ ಗುರುತಿರುವ ಸಿಬ್ಬಂದಿಯೇ ಇದಕ್ಕೆ ತಡೆ. ಪುಸ್ತಕದಲ್ಲಿ ಹೊಸ ಹೆಸರುಗಳು ತುಂಬಿ, ಎರಡನೇ ಭೇಟಿಯ ಕಾಲಂ ಖಾಲಿಯಿದ್ದರೆ, ಅವರು ಬಂದದ್ದು ಉಚಿತ ಐಬ್ರೋಗಷ್ಟೇ.