ಬಾಗಿದ ಸರಳಿನ ತುದಿ ಎತ್ತ ಸರಿಯುತ್ತದೆ?

20 ಮಿ.ಮೀ. ದಪ್ಪದ ಗುಂಡು ಉಕ್ಕಿನ ಸರಳೊಂದನ್ನು ಕಾಲುವೃತ್ತದ ಆಕಾರಕ್ಕೆ ಬಗ್ಗಿಸಿ, ಒಂದು ತುದಿಯನ್ನು ಕಾಂಕ್ರೀಟಿನಲ್ಲಿ ಭದ್ರವಾಗಿ ಹೂತಿದ್ದೇವೆ ಎಂದುಕೊಳ್ಳಿ. ಬುಡದಲ್ಲಿ ಸರಳು ನೆಟ್ಟಗೆ ಮೇಲೇಳುತ್ತದೆ, ಬರಬರುತ್ತಾ ಮುಂದಕ್ಕೆ ಬಾಗುತ್ತದೆ, ತುದಿಯಲ್ಲಿ ನೆಲಕ್ಕೆ ಸಮಾನಾಂತರವಾಗಿ ಚಾಚಿಕೊಂಡಿರುತ್ತದೆ. ಹಳೆಯ ಬೀದಿದೀಪದ ಕಂಬಗಳ ಮೇಲ್ಭಾಗದ ಹಾಗೆ. ವೃತ್ತದ ತ್ರಿಜ್ಯ ಅರ್ಧ ಮೀಟರ್. ಅಂದರೆ ತುದಿಯು ಬುಡಕ್ಕಿಂತ ಅರ್ಧ ಮೀಟರ್ ಎತ್ತರದಲ್ಲಿ, ಅರ್ಧ ಮೀಟರ್ ಮುಂದೆ ಇದೆ. ಆ ತುದಿಗೆ 100 ನ್ಯೂಟನ್, ಅಂದರೆ ಹೆಚ್ಚುಕಡಿಮೆ ಹತ್ತು ಕಿಲೋ ತೂಕ ನೇತುಹಾಕುತ್ತೇವೆ. ತುದಿ ಎಷ್ಟು ಇಳಿಯುತ್ತದೆ? ಬರೀ ಇಳಿಯುತ್ತದೆಯೋ, ಮುಂದಕ್ಕೂ ಸರಿಯುತ್ತದೆಯೋ?

ನೇರವಾದ ತೊಲೆಯ ವಿಷಯದಲ್ಲಿ ಇಂಥ ಪ್ರಶ್ನೆಗೆ ಉತ್ತರಿಸಲು ಹಳೆಯ ದಾರಿಗಳಿವೆ. ತೊಲೆಯ ಉದ್ದಕ್ಕೂ ಒಂದೊಂದು ಬಿಂದು ಎಷ್ಟು ತಗ್ಗಿತು ಎಂದು ಸಮೀಕರಣ ಬರೆದು, ಎರಡು ಸಲ ಸಮಾಕಲನ ಮಾಡಿದರೆ ಮುಗಿಯಿತು. ಸರಳೇ ಬಾಗಿದ್ದಾಗ ಆ ದಾರಿ ಕಗ್ಗಂಟಾಗುತ್ತದೆ. ಪ್ರತಿ ಬಿಂದುವಿನ ದಿಕ್ಕೂ ಬೇರೆ, ಅದು ಸರಿಯುವ ದಿಕ್ಕೂ ಬೇರೆ. ಇಲ್ಲಿ ನೆರವಿಗೆ ಬರುವುದು ಶಕ್ತಿಯ ಲೆಕ್ಕ. ಆಕಾರದ ಗೊಡವೆಗೇ ಹೋಗದೆ, ಸರಳಿನಲ್ಲಿ ಎಷ್ಟು ಶಕ್ತಿ ಕೂಡಿದೆ ಎಂದಷ್ಟೇ ಅದು ಕೇಳುತ್ತದೆ.

ಈ ದಾರಿಯನ್ನು ಸ್ಪಷ್ಟವಾಗಿ ತೋರಿಸಿದವನು ಇಟಲಿಯ ಕಾರ್ಲೋ ಆಲ್ಬೆರ್ಟೋ ಕಾಸ್ಟಿಗ್ಲಿಯಾನೊ. 1847ರಲ್ಲಿ ಆಸ್ತಿ ಎಂಬ ಊರಿನಲ್ಲಿ ಹುಟ್ಟಿದ ಆತ 1873ರಲ್ಲಿ ಟೂರಿನ್‌ನಲ್ಲಿ ಎಂಜಿನಿಯರಿಂಗ್ ಪದವಿಗಾಗಿ ಬರೆದ ಪ್ರಬಂಧದಲ್ಲೇ ಇದರ ಮೂಲವಿತ್ತು. ಮುಂದೆ ಉತ್ತರ ಇಟಲಿಯ ರೈಲ್ವೆಯಲ್ಲಿ ಕೆಲಸ ಮಾಡುತ್ತಲೇ 1879ರಲ್ಲಿ ಅದನ್ನು ಫ್ರೆಂಚ್‌ನಲ್ಲಿ ದೊಡ್ಡ ಪುಸ್ತಕವಾಗಿ ಪ್ರಕಟಿಸಿದ. 1884ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುವ ಪ್ರಮೇಯಕ್ಕೆ ಅವನದೇ ಹೆಸರು.

ಪ್ರಮೇಯದ ತಿರುಳು ಇಷ್ಟು. ತೂಕವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾ ಹೋದರೆ ಸರಳು ಬಾಗುತ್ತದೆ, ತೂಕ ಮಾಡಿದ ಕೆಲಸವೆಲ್ಲ ಸರಳಿನೊಳಗೆ ಶಕ್ತಿಯಾಗಿ ಉಳಿಯುತ್ತದೆ. ಇದನ್ನು ವಿಕೃತಿ ಶಕ್ತಿ ಎನ್ನುತ್ತಾರೆ. ಸರಳು ಪೂರ್ತಿ ಬಾಗಿ ನಿಂತ ಮೇಲೆ ತೂಕವನ್ನು ಒಂದು ಚೂರು ಹೆಚ್ಚಿಸಿದರೆ ಆ ಶಕ್ತಿಯೂ ಒಂದಿಷ್ಟು ಹೆಚ್ಚುತ್ತದೆ. ಹೆಚ್ಚಿದ ಶಕ್ತಿಯನ್ನು ಹೆಚ್ಚಿಸಿದ ತೂಕದಿಂದ ಭಾಗಿಸಿದರೆ ಬರುವುದೇ ತುದಿ ಇಳಿದ ದೂರ. ಗಣಿತದ ಮಾತಿನಲ್ಲಿ, ಭಾರಕ್ಕೆ ಸಂಬಂಧಿಸಿದಂತೆ ಶಕ್ತಿಯ ನಿಷ್ಪನ್ನವೇ ಆ ಭಾರದ ದಿಕ್ಕಿನಲ್ಲಾದ ಸ್ಥಳಾಂತರ.

ಇದು ನಿಜವಾಗುವುದು ಹೇಗೆ? ಆ ಚೂರು ತೂಕವನ್ನು ಕೊನೆಗೆ ಹಾಕುವ ಬದಲು ಮೊದಲೇ ಹಾಕಿ ನೋಡಿ. ಒಂಟಿಯಾಗಿದ್ದಾಗ ಅದು ಮಾಡುವ ಕೆಲಸ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಬಳಿಕ 100 ನ್ಯೂಟನ್ ಹಾಕಿದಾಗ ತುದಿ ಇಳಿಯುತ್ತದೆ, ಅದರ ಜೊತೆಗೆ ಈ ಚೂರೂ ಅಷ್ಟೇ ದೂರ ಇಳಿಯುತ್ತದೆ. ಆದ್ದರಿಂದ ಅದು ಕೊಟ್ಟ ಹೆಚ್ಚುವರಿ ಶಕ್ತಿ ಎಂದರೆ ಆ ಚೂರು ತೂಕ ಗುಣಿಸು ಇಳಿದ ದೂರ. ಯಾವ ತೂಕವನ್ನು ಮೊದಲು ಹಾಕಿದರೂ ಕೊನೆಯಲ್ಲಿ ಕೂಡಿರುವ ಶಕ್ತಿ ಒಂದೇ ಆಗಿರುವುದರಿಂದ, ಕೊನೆಗೆ ಹಾಕಿದಾಗಲೂ ಇದೇ ಉತ್ತರ.

ಈಗ ನಮ್ಮ ಸರಳಿಗೆ ಬರೋಣ. ತುದಿಯಿಂದ ಶುರುಮಾಡಿ ಬುಡದ ಕಡೆಗೆ ಕೋನ θ ಅಳೆಯೋಣ: ತುದಿಯಲ್ಲಿ ಸೊನ್ನೆ, ಬುಡದಲ್ಲಿ 90 ಡಿಗ್ರಿ. ತೂಕ P ಕೆಳಗೆ ಎಳೆಯುತ್ತಿದೆ. ಯಾವುದೇ ಒಂದು ಜಾಗದಲ್ಲಿ ಸರಳನ್ನು ಬಗ್ಗಿಸುವ ಬಲ, ಅಂದರೆ ಬೆಂಡಿಂಗ್ ಮೊಮೆಂಟ್, ಎಷ್ಟು? ತೂಕ ಗುಣಿಸು ತೂಕದ ಗೆರೆಯಿಂದ ಆ ಜಾಗಕ್ಕಿರುವ ಅಡ್ಡ ದೂರ. ಆ ದೂರ R sin θ. ಮೊಮೆಂಟಿನ ವರ್ಗವನ್ನು 2EIಯಿಂದ ಭಾಗಿಸಿ, ಸರಳಿನ ಉದ್ದಕ್ಕೂ ಕೂಡಿದರೆ ಒಟ್ಟು ಶಕ್ತಿ ಸಿಗುತ್ತದೆ. ಇಲ್ಲಿ E ಎಂದರೆ ಉಕ್ಕಿನ ಬಿಗಿತ, I ಎಂದರೆ ಅಡ್ಡಕೊಯ್ತದ ಆಕಾರದಿಂದ ಬರುವ ಬಿಗಿತ.

M = P R sin θ

U = ∫ M² R dθ / (2EI) = π P² R³ / (8EI)

Pಗೆ ಸಂಬಂಧಿಸಿದಂತೆ ನಿಷ್ಪನ್ನ ತೆಗೆದರೆ,

δ = π P R³ / (4EI)

ಉಕ್ಕಿಗೆ E ಸುಮಾರು 2,00,000 N/mm². 20 ಮಿ.ಮೀ. ಗುಂಡು ಸರಳಿಗೆ I 7,854 mm⁴. ಇವನ್ನು ಹಾಕಿದರೆ ತುದಿ ಇಳಿಯುವುದು 6.25 ಮಿ.ಮೀ. ಕೂಡಿದ ಶಕ್ತಿ 312.5 N·mm. ನಿಷ್ಪನ್ನ ಎಂಬ ಮಾತಿಗೆ ಹೆದರುವವರು ಹೀಗೂ ಪರೀಕ್ಷಿಸಬಹುದು: ತೂಕವನ್ನು 100ರ ಬದಲು 100.1 ಮಾಡಿ. ಶಕ್ತಿ 0.6253ರಷ್ಟು ಹೆಚ್ಚುತ್ತದೆ. ಅದನ್ನು 0.1ರಿಂದ ಭಾಗಿಸಿದರೆ 6.253. ಚೂರು ಇನ್ನೂ ಸಣ್ಣದಾದಷ್ಟೂ ಉತ್ತರ 6.25ಕ್ಕೆ ಹತ್ತಿರವಾಗುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು R dθ ಎಂಬಲ್ಲಿ. ಸರಳಿನ ಒಂದು ಚೂರಿನ ಉದ್ದ dθ ಅಲ್ಲ, R dθ. ಆ R ಬಿಟ್ಟುಹೋದರೆ ಉತ್ತರದಲ್ಲಿ R³ ಬದಲು R² ಬರುತ್ತದೆ. ಮಾನಗಳನ್ನು ಒಮ್ಮೆ ನೋಡಿದರೆ ಸಾಕು, ಸ್ಥಳಾಂತರ ಮಿಲಿಮೀಟರಿನಲ್ಲಿ ಬರದೆ ತಪ್ಪು ತಾನಾಗಿ ಹೊರಬೀಳುತ್ತದೆ.

ಶಕ್ತಿಯ ಲೆಕ್ಕದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ತುದಿಯ ಹತ್ತಿರ ಮೊಮೆಂಟ್ ತೀರಾ ಕಡಿಮೆ, ಬುಡದತ್ತ ಹೋದಂತೆ ಹೆಚ್ಚು. ಅದರ ವರ್ಗವನ್ನು ಕೂಡುವುದರಿಂದ ಈ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ. ಸರಳಿನ ಕೆಳಗಿನ ಅರ್ಧವೊಂದೇ ಒಟ್ಟು ಶಕ್ತಿಯ ಶೇ 82ರಷ್ಟನ್ನು ಹಿಡಿದಿಟ್ಟುಕೊಂಡಿರುತ್ತದೆ. ಇಳಿತ ಕಡಿಮೆ ಮಾಡಬೇಕಿದ್ದರೆ ದಪ್ಪ ಹೆಚ್ಚಿಸಬೇಕಾದ್ದು ಬುಡದ ಕಡೆ. ತುದಿಯನ್ನು ದಪ್ಪ ಮಾಡಿದರೆ ತೂಕ ಹೆಚ್ಚೀತು, ಪ್ರಯೋಜನ ಕಡಿಮೆ.

ಇನ್ನು ತುದಿ ಮುಂದಕ್ಕೆ ಸರಿಯುವ ಪ್ರಶ್ನೆ. ಆ ದಿಕ್ಕಿನಲ್ಲಿ ಭಾರವೇ ಇಲ್ಲ. ಯಾವ ಭಾರಕ್ಕೆ ಸಂಬಂಧಿಸಿದಂತೆ ನಿಷ್ಪನ್ನ ತೆಗೆಯುವುದು? ಈ ವಿಧಾನದಲ್ಲಿ ನನಗೆ ಬಹಳ ಇಷ್ಟವಾದ ಹೆಜ್ಜೆ ಇದೇ. ಇಲ್ಲದ ಭಾರವೊಂದನ್ನು ಊಹಿಸಿಕೊಳ್ಳುತ್ತೇವೆ. ತುದಿಯನ್ನು ಮುಂದಕ್ಕೆ ತಳ್ಳುವ Q ಎಂಬ ಬಲವಿದೆ ಎಂದುಕೊಂಡು ಮೊಮೆಂಟ್ ಬರೆಯುತ್ತೇವೆ. ಅದರ ತೋಳು ತುದಿಗೂ ಆ ಜಾಗಕ್ಕೂ ಇರುವ ಎತ್ತರದ ಅಂತರ, R(1 − cos θ).

M = P R sin θ + Q R (1 − cos θ)

Qಗೆ ಸಂಬಂಧಿಸಿದಂತೆ ನಿಷ್ಪನ್ನ ತೆಗೆದು, ಆಮೇಲೆ Qಯನ್ನು ಸೊನ್ನೆ ಮಾಡುತ್ತೇವೆ. ಈ ಕ್ರಮ ಮುಖ್ಯ. ಮೊದಲೇ ಸೊನ್ನೆ ಮಾಡಿದರೆ ನಿಷ್ಪನ್ನ ತೆಗೆಯಲು ಏನೂ ಉಳಿಯುವುದಿಲ್ಲ. ಸರಿಯಾದ ಕ್ರಮದಲ್ಲಿ ಹೋದರೆ ಬರುವ ಉತ್ತರ:

δ = P R³ / (2EI)

ನಮ್ಮ ಸರಳಿಗೆ ಇದು 3.98 ಮಿ.ಮೀ. ಉತ್ತರ ಧನವಾಗಿ ಬಂದಿರುವುದರಿಂದ ತುದಿ Qಯ ದಿಕ್ಕಿನಲ್ಲೇ, ಅಂದರೆ ಬುಡದಿಂದ ದೂರಕ್ಕೆ ಸರಿದಿದೆ. ಕೆಳಕ್ಕೆ ಮಾತ್ರ ಎಳೆದ ತೂಕ ತುದಿಯನ್ನು ಓರೆಯಾಗಿ ಒಯ್ದಿದೆ. ಇಳಿದ ಪ್ರತಿ 100 ಪಾಲಿಗೆ ಮುಂದೆ ಹೋದದ್ದು 64 ಪಾಲು. ಸರಳಿನ ದಪ್ಪ, ತ್ರಿಜ್ಯ, ತೂಕ ಏನೇ ಇರಲಿ, ಈ ಅನುಪಾತ ಬದಲಾಗುವುದಿಲ್ಲ. ಅದು 2/π.

ಇದೇ ಸರಳನ್ನು ಗೋಡೆಗೆ ಅಡ್ಡವಾಗಿ ಹೂತು, ತುದಿ ಕೆಳಮುಖವಾಗುವಂತೆ ತಿರುಗಿಸಿದರೆ ಕತೆ ಬದಲಾಗುತ್ತದೆ. ಆಗ ತೂಕದ ತೋಳು R(1 − cos θ). ತುದಿ ಇಳಿಯುವುದು 0.356 PR³/EI, ನಮ್ಮ ಸರಳಿಗೆ 2.83 ಮಿ.ಮೀ. ಮಾತ್ರ. ಮೊದಲಿನ ಅರ್ಧಕ್ಕಿಂತ ಕಡಿಮೆ. ಅಡ್ಡ ಸರಿತ ಮಾತ್ರ ಹಿಂದಿನಷ್ಟೇ, 3.98 ಮಿ.ಮೀ.; ಆದರೆ ಈ ಸಲ ಗೋಡೆಯ ಕಡೆಗೆ. ತೂಕ ಕೆಳಗೆ ಎಳೆಯುತ್ತಿದ್ದರೂ ತುದಿ ಇಳಿಯುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಸರಿಯುತ್ತದೆ. ಗೋಡೆಗೂ ತುದಿಗೂ ನಡುವೆ ಏನಾದರೂ ಕೂರಿಸುವವರು ಇದನ್ನು ಗಮನದಲ್ಲಿಡಬೇಕು.

ಇಷ್ಟರಲ್ಲಿ ನಾವು ಬಗ್ಗುವ ಶಕ್ತಿಯೊಂದನ್ನೇ ಲೆಕ್ಕಕ್ಕೆ ಹಿಡಿದಿದ್ದೇವೆ. ಸರಳು ಉದ್ದುದ್ದಕ್ಕೆ ಅಮುಕಿಸಿಕೊಳ್ಳುವುದನ್ನೂ ಅಡ್ಡಕ್ಕೆ ಜಾರುವುದನ್ನೂ ಬಿಟ್ಟಿದ್ದೇವೆ. ಮೊದಲಿನ ನಿಲುವಿನಲ್ಲಿ ಅವೆರಡೂ ಸೇರಿ ಕೂಡಿಸುವುದು ಸುಮಾರು 0.0024 ಮಿ.ಮೀ. ಪ್ರಯೋಗಾಲಯದ ಸಾಮಾನ್ಯ ಡಯಲ್ ಗೇಜ್ ಅಳೆಯುವ ಅತಿ ಸಣ್ಣ ಅಂತರ 0.01 ಮಿ.ಮೀ. ಹಾಗಾಗಿ ಬಿಟ್ಟದ್ದು ಅಳತೆಯಲ್ಲಿ ಕಾಣಿಸುವುದೇ ಇಲ್ಲ. ಆದರೆ ಕ್ರೇನಿನ ಕೊಕ್ಕೆಯಂತೆ ತ್ರಿಜ್ಯಕ್ಕೆ ಹೋಲಿಸಿದರೆ ದಪ್ಪ ತುಂಬ ಹೆಚ್ಚಿರುವ ವಸ್ತುಗಳಿಗೆ ಈ ಸರಳ ಸೂತ್ರ ಸಲ್ಲದು. ತ್ರಿಜ್ಯ ದಪ್ಪದ ಹತ್ತು ಪಟ್ಟಿಗಿಂತ ಹೆಚ್ಚಿದ್ದರೆ ಚಿಂತೆಯಿಲ್ಲ ಎಂಬುದು ರೂಢಿಯ ಗಡಿ. ನಮ್ಮದು ಇಪ್ಪತ್ತೈದು ಪಟ್ಟು.

ಸರಳು ತನ್ನ ಸ್ಥಿತಿಸ್ಥಾಪಕ ಮಿತಿಯೊಳಗೆ ಇರಬೇಕೆಂಬುದು ಇನ್ನೊಂದು ನಿಯಮ. ನಮ್ಮ ತೂಕಕ್ಕೆ ಬುಡದಲ್ಲಿ ಬರುವ ಒತ್ತಡ 64 N/mm² ಮಾತ್ರ. ಸಾಧಾರಣ ಮೈಲ್ಡ್ ಸ್ಟೀಲ್ ಸುಮಾರು 250ರವರೆಗೆ ತಡೆಯುತ್ತದೆ. ತೂಕ ತೆಗೆದ ಮೇಲೆ ಗೇಜಿನ ಮುಳ್ಳು ಸೊನ್ನೆಗೆ ಮರಳದಿದ್ದರೆ ಸರಳು ಶಾಶ್ವತವಾಗಿ ಬಾಗಿದೆ, ಇಲ್ಲವೇ ಹಿಡಿತ ಜಾರಿದೆ.

ಲೆಕ್ಕಕ್ಕೂ ಅಳತೆಗೂ ತಾಳೆಯಾಗದಿದ್ದಾಗ ನಾನು ಮೊದಲು ಅನುಮಾನಿಸುವುದು ಈ ಹಿಡಿತವನ್ನೇ. ಸೂತ್ರವು ಬುಡ ಒಂದಿಷ್ಟೂ ತಿರುಗುವುದಿಲ್ಲ ಎಂದುಕೊಳ್ಳುತ್ತದೆ. ನಿಜವಾದ ಬೇಸ್ ಪ್ಲೇಟು, ಬೋಲ್ಟುಗಳು ಹಾಗಿರುವುದಿಲ್ಲ. ಬುಡ ಬರೀ ಅರ್ಧ ಡಿಗ್ರಿ ತಿರುಗಿದರೂ ತುದಿ ಇನ್ನೂ 4.36 ಮಿ.ಮೀ. ಇಳಿಯುತ್ತದೆ. ಆದರೆ ಹೀಗೆ ತಿರುಗಿದಾಗ ತುದಿ ಮುಂದಕ್ಕೂ ಸರಿಯುವುದು ಅಷ್ಟೇ 4.36 ಮಿ.ಮೀ. ಸರಳು ಮಾತ್ರ ಬಾಗಿದ್ದರೆ ಅನುಪಾತ 0.64, ಬುಡ ಮಾತ್ರ ತಿರುಗಿದ್ದರೆ 1. ಆದ್ದರಿಂದ ತುದಿಗೆ ಎರಡು ಡಯಲ್ ಗೇಜ್ ಇಡಬೇಕು, ಒಂದು ಕೆಳಮುಖಕ್ಕೆ, ಇನ್ನೊಂದು ಮುಂದಕ್ಕೆ. ಮೊದಲನೆಯದು 10.61, ಎರಡನೆಯದು 8.34 ತೋರಿಸಿದರೆ ಅನುಪಾತ 0.79. ಸರಳಿನ ಲೋಹ ಸರಿಯಾಗಿಯೇ ಇದೆ, ಬಿಗಿಮಾಡಬೇಕಾದ್ದು ಬುಡದ ಬೋಲ್ಟು.