ಶೇಷಗಳಿಂದ ಪತ್ತೆ ಮಿತಿ: ಯಾವ ರೇಖೆಯನ್ನು ನಂಬಬೇಕು?

ಅಂಶಾಂಕನ ರೇಖೆ ಎಳೆದು, R² ಬೆಲೆ 0.9999 ಬಂದೊಡನೆ ಪಾಠ ಮುಗಿಯಿತೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ‘ಈ ವಿಧಾನದಿಂದ ಎಷ್ಟು ಕಡಿಮೆ ಕಬ್ಬಿಣವನ್ನು ಗುರುತಿಸಬಹುದು?’ ಎಂಬ ಪ್ರಶ್ನೆಗೆ R² ಉತ್ತರ ಕೊಡುವುದಿಲ್ಲ. ಉತ್ತರವಿರುವುದು ಶೇಷಗಳಲ್ಲಿ, ಅಂದರೆ ಪ್ರತಿ ಬಿಂದು ರೇಖೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬ ವ್ಯತ್ಯಾಸಗಳಲ್ಲಿ.

ನೀರಿನಲ್ಲಿರುವ ಕಬ್ಬಿಣವನ್ನು ಫಿನಾಂತ್ರೊಲಿನ್‌ನಿಂದ ಅಳೆಯುವ ಪ್ರಯೋಗವನ್ನು ತೆಗೆದುಕೊಳ್ಳೋಣ. ಹೈಡ್ರಾಕ್ಸಿಲಮೀನ್ ಕಬ್ಬಿಣವನ್ನು ಫೆರಸ್ ರೂಪಕ್ಕೆ ತರುತ್ತದೆ. ಫಿನಾಂತ್ರೊಲಿನ್ ಅದರೊಡನೆ ಕಿತ್ತಳೆಗೆಂಪು ಬಣ್ಣ ಕೊಡುತ್ತದೆ. 510 ನ್ಯಾನೊಮೀಟರ್‌ನಲ್ಲಿ ಹೀರುವಿಕೆಯನ್ನು ಓದುತ್ತೇವೆ. ಪಾಠಕ್ಕಾಗಿ ಸಿದ್ಧಪಡಿಸಿದ ಮಾದರಿ ದತ್ತಾಂಶ ಹೀಗಿದೆ:

| ಸಾರತೆ (ಮಿ.ಗ್ರಾಂ/ಲೀ) | ಹೀರುವಿಕೆ | ರೇಖೆಯ ಬೆಲೆ | ಶೇಷ |
|---|---|---|---|
| 0 | 0.003 | 0.004 | −0.001 |
| 1 | 0.207 | 0.204 | +0.003 |
| 2 | 0.399 | 0.404 | −0.005 |
| 3 | 0.609 | 0.604 | +0.005 |
| 4 | 0.802 | 0.804 | −0.002 |
| 5 | 1.004 | 1.004 | 0 |

ರೇಖೆಯ ಇಳಿಜಾರು 0.200. ಶೇಷಗಳ ವರ್ಗಗಳ ಮೊತ್ತ 0.000064. ಇದನ್ನು 6ರಿಂದಲ್ಲ, 6 − 2 = 4ರಿಂದ ಭಾಗಿಸಬೇಕು. ಇಳಿಜಾರು ಮತ್ತು ಅಂತಃಖಂಡ ಎರಡನ್ನೂ ಇದೇ ಆರು ಬಿಂದುಗಳಿಂದ ಪಡೆದಿರುವುದೇ ಇದಕ್ಕೆ ಕಾರಣ. ವರ್ಗಮೂಲ ತೆಗೆದರೆ 0.004. ಇದೇ ಶೇಷಗಳ ಮಾನಕ ವಿಚಲನೆ, σ.

ಔಷಧ ವಿಶ್ಲೇಷಣೆಯಲ್ಲಿ ಬಳಸುವ ಐಸಿಎಚ್ ಕ್ಯೂ2 ಮಾರ್ಗಸೂಚಿಯಲ್ಲಿರುವ ಸೂತ್ರಗಳು ಇವು. ಇವುಗಳಲ್ಲಿ S ಎಂದರೆ ಇಳಿಜಾರು.

```
LOD = 3.3 σ / S
LOQ = 10 σ / S
```

ಇದರಂತೆ ಪತ್ತೆ ಮಿತಿ 0.066, ಪರಿಮಾಣ ನಿರ್ಣಯ ಮಿತಿ 0.20 ಮಿ.ಗ್ರಾಂ/ಲೀ.

3.3 ಮತ್ತು 10 ಎಲ್ಲಿಂದ ಬಂದವು ಎಂದು ತರಗತಿಯಲ್ಲಿ ಕೇಳಿಯೇ ಕೇಳುತ್ತಾರೆ. ಕಬ್ಬಿಣ ಇಲ್ಲದಾಗ ‘ಇದೆ’ ಎನ್ನುವ ತಪ್ಪು ಶೇ. 5ಕ್ಕೆ ಇಳಿಯಲು 1.645σ ಅಂತರ ಬೇಕು. ಇದ್ದಾಗ ‘ಇಲ್ಲ’ ಎನ್ನುವ ತಪ್ಪೂ ಶೇ. 5ಕ್ಕೆ ಇಳಿಯಲು ಇನ್ನೊಂದು 1.645σ ಬೇಕು. ಎರಡೂ ಸೇರಿ ಸುಮಾರು 3.3. ಇನ್ನು ಸಂಕೇತವು σದ ಹತ್ತರಷ್ಟಿದ್ದರೆ ಅದರ ಅನಿಶ್ಚಿತತೆ ಶೇ. 10. ಅಲ್ಲಿಂದ ಮೇಲಕ್ಕೆ ಮಾತ್ರ ‘ಇಷ್ಟಿದೆ’ ಎಂದು ಸಂಖ್ಯೆ ಬರೆಯಬಹುದು.

ಸ್ಪ್ರೆಡ್‌ಶೀಟ್‌ನಲ್ಲಿ σ ಪಡೆಯಲು STEYX ಬಳಸಬೇಕು:

```
=3.3*STEYX(B2:B7,A2:A7)/SLOPE(B2:B7,A2:A7)
```

ಶೇಷಗಳ ಕಾಲಂ ಮಾಡಿ ಅದಕ್ಕೆ STDEV ಹಾಕಿದರೆ ಭಾಗಾಕಾರ 5ರಿಂದ ಆಗಿ 0.0036 ಬರುತ್ತದೆ, ಮಿತಿ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ವಿದ್ಯಾರ್ಥಿಯ ಉತ್ತರ ಸುಮಾರು ಶೇ. 10ರಷ್ಟು ಕಡಿಮೆ ಇದ್ದರೆ ಮೊದಲು ಇದನ್ನೇ ನೋಡಿ.

ಲೆಕ್ಕ ಸರಿಯಾಗಿದೆ, ಆದರೆ ರೇಖೆ ಸರಿಯಾದುದೇ? ನಮ್ಮ ಮಿತಿ 0.066ರಲ್ಲಿದೆ, ಸೊನ್ನೆಯ ನಂತರದ ಮೊದಲ ಮಾನಕ ದ್ರಾವಣ 1ರಲ್ಲಿದೆ. ನಡುವೆ ಒಂದು ಬಿಂದುವೂ ಇಲ್ಲ. ಪಿಪೆಟ್ಟಿನಲ್ಲಿ ಶೇ. 1 ತಪ್ಪಾದರೆ 3 ಮಿ.ಗ್ರಾಂ ದ್ರಾವಣದಲ್ಲಿ ಹೀರುವಿಕೆ 0.006ರಷ್ಟು ಕದಲುತ್ತದೆ, 0.3 ಮಿ.ಗ್ರಾಂ ದ್ರಾವಣದಲ್ಲಿ ಕೇವಲ 0.0006. ಹೀಗಾಗಿ ಮೇಲಿನ σ ಹೆಚ್ಚಾಗಿ ದೊಡ್ಡ ಸಾರತೆಗಳ ಏರುಪೇರನ್ನು ಹೇಳುತ್ತದೆ, ಮಿತಿಯ ಹತ್ತಿರದ್ದನ್ನಲ್ಲ.

ಆದ್ದರಿಂದ ಮಿತಿಯ ಆಸುಪಾಸಿನಲ್ಲೇ ಎರಡನೆಯ ರೇಖೆ ಎಳೆಯಬೇಕು. 0, 0.1, 0.2, 0.3, 0.4, 0.5 ಮಿ.ಗ್ರಾಂ/ಲೀ ದ್ರಾವಣಗಳಿಗೆ ಹೀರುವಿಕೆ ಕ್ರಮವಾಗಿ 0.005, 0.023, 0.044, 0.063, 0.085, 0.104 ಎಂದಿರಲಿ. ಇಳಿಜಾರು ಮತ್ತೆ 0.200, σ ಮಾತ್ರ 0.001. ಪತ್ತೆ ಮಿತಿ ಸುಮಾರು 0.017, ಪರಿಮಾಣ ನಿರ್ಣಯ ಮಿತಿ 0.05. ಹಿಂದಿನದರ ಕಾಲು ಭಾಗ!

ಈಗ R² ನೋಡಿಸಿ. ಮೊದಲ ರೇಖೆಗೆ 0.9999, ಎರಡನೆಯದಕ್ಕೆ 0.9994. R² ಕಡಿಮೆಯಿರುವ ರೇಖೆಯೇ ಸಣ್ಣ ಪ್ರಮಾಣವನ್ನು ಚೆನ್ನಾಗಿ ಅಳೆಯುತ್ತಿದೆ. ಅಗಲವಾದ ವ್ಯಾಪ್ತಿಯಲ್ಲಿ ಹೀರುವಿಕೆಯ ಒಟ್ಟು ಏರಿಕೆ ದೊಡ್ಡದು. ಅದರ ಮುಂದೆ ಶೇಷಗಳು ಚಿಕ್ಕದಾಗಿ ಕಾಣುವುದರಿಂದ R² ಹಿಗ್ಗುತ್ತದೆ. ಈ ವಿರೋಧವನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ. ಅದಕ್ಕಾಗಿ ಒಂದು ಗುಂಪಿಗೆ ಮೊದಲ ದತ್ತಾಂಶ, ಇನ್ನೊಂದಕ್ಕೆ ಎರಡನೆಯದನ್ನು ಕೊಟ್ಟು, ಎರಡೂ ಉತ್ತರಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಸಬಹುದು.

ಶೇಷಗಳ ನಕ್ಷೆಯನ್ನೂ ಎಳೆಸಬೇಕು. ಅವು ಸೊನ್ನೆಯ ಎರಡೂ ಬದಿ ಚದುರಿರದೆ ಬಿಲ್ಲಿನಂತೆ ಬಾಗಿದ್ದರೆ, σದಲ್ಲಿ ಯಾದೃಚ್ಛಿಕ ಏರುಪೇರಿನ ಜೊತೆಗೆ ರೇಖೆಯ ಬಾಗುವಿಕೆಯೂ ಸೇರಿದೆ. ಆಗ ಸೂತ್ರ ಅನ್ವಯಿಸುವುದಿಲ್ಲ.

ಬಂದ ಮಿತಿ ಇನ್ನೂ ಅಂದಾಜು ಮಾತ್ರ. ಅದನ್ನು ಪ್ರಯೋಗದಿಂದ ದೃಢಪಡಿಸಬೇಕೆಂದು ಮಾರ್ಗಸೂಚಿಯೂ ಹೇಳುತ್ತದೆ. 0.05 ಮಿ.ಗ್ರಾಂ/ಲೀ ದ್ರಾವಣವನ್ನು ಆರು ಬಾರಿ ಬೇರೆಬೇರೆಯಾಗಿ ತಯಾರಿಸಿ ಅಳೆಯಿರಿ. ಫಲಿತಾಂಶಗಳ ಸಾಪೇಕ್ಷ ಮಾನಕ ವಿಚಲನೆ ಶೇ. 10ರ ಆಸುಪಾಸಿನಲ್ಲಿದ್ದು, ಸರಾಸರಿ 0.05ರ ಹತ್ತಿರವಿದ್ದರೆ ಮಿತಿ ನಿಂತಿತು. ಶೇ. 25 ಬಂದರೆ ಸೂತ್ರ ಕೊಟ್ಟ ಸಂಖ್ಯೆಯನ್ನು ಬಿಟ್ಟು, 0.1ರಲ್ಲಿ ಮತ್ತೆ ಪರೀಕ್ಷಿಸಬೇಕು.