ಪ್ಯಾಕೇಜ್ ವಿಡಿಯೊ: ಸೇರಿದ್ದೇನು, ಸೇರದ್ದೇನು?

ವಾರಾಂತ್ಯದ ಪ್ರವಾಸಕ್ಕೆ ಟ್ರಾವೆಲ್ಸ್‌ನವರು ಮಾಡುವ 45 ಸೆಕೆಂಡಿನ ವಿಡಿಯೊದಲ್ಲಿ ಆರಾಮವಾಗಿ ಹಿಡಿಯುವುದು 80ರಷ್ಟು ಪದಗಳು. ಅಷ್ಟರಲ್ಲೇ ದುಡ್ಡಿನ ಲೆಕ್ಕವೂ ಸ್ಪಷ್ಟವಾಗಬೇಕು.

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಪ್ಯಾಕೇಜನ್ನೇ ತೆಗೆದುಕೊಳ್ಳಿ. ಮೊದಲ ಐದು ಸೆಕೆಂಡು ಮುಳ್ಳಯ್ಯನಗಿರಿಯ ಮಂಜು ತೋರಿಸುತ್ತಲೇ ತಲೆಗೆಷ್ಟು ಎಂಬುದನ್ನು ಹೇಳಿಬಿಡಬೇಕು. ಮುಂದಿನ ಮಾತು ಹೀಗಿರಲಿ:

"ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್. ಹೋಗಿಬರುವ ಬಸ್ಸು, ಒಂದು ರಾತ್ರಿ ಹೋಂಸ್ಟೇ, ಮೂವರಿಗೊಂದು ಕೋಣೆ, ಎರಡು ದಿನದ ತಿಂಡಿ, ಶನಿವಾರದ ರಾತ್ರಿಯೂಟ ಇದರಲ್ಲೇ ಸೇರಿವೆ. ಮಧ್ಯಾಹ್ನದ ಊಟ, ವಾಪಸ್ ದಾರಿಯ ಊಟ, ಝರಿ ಜಲಪಾತದ ಜೀಪು, ಪ್ರವೇಶ ಶುಲ್ಕ ನಿಮ್ಮ ಖರ್ಚು."

ಜಗಳ ಹುಟ್ಟುವುದು ಈ ಜೀಪಿನ ಬಳಿ. ಜಲಪಾತದ ದೃಶ್ಯ ಕಂಡರೆ ಅದೂ ಪ್ಯಾಕೇಜಿನಲ್ಲಿದೆ ಎಂದೇ ಜನ ತಿಳಿಯುತ್ತಾರೆ. ಆದ್ದರಿಂದ ಆ ದೃಶ್ಯದ ಮೇಲೆಯೇ "ಜೀಪಿನ ಬಾಡಿಗೆ ಪ್ರತ್ಯೇಕ" ಎಂದು ಬರೆಯಬೇಕು. "ಷರತ್ತುಗಳು ಅನ್ವಯ" ಎಂಬ ಸಣ್ಣಕ್ಷರ ಸಾಲದು. ಸೇರಿದ್ದಕ್ಕೆ ಹತ್ತು ಸೆಕೆಂಡು ಕೊಟ್ಟರೆ ಸೇರದ್ದಕ್ಕೂ ಅಷ್ಟೇ ಕೊಡಿ. ಬರೆದದ್ದನ್ನು ಬಾಯಲ್ಲೂ ಹೇಳಿ.

ಕೊನೆಯಲ್ಲಿ ಫೋನ್ ನಂಬರಿನ ಜೊತೆಗೆ ಮುಂಗಡ ಎಷ್ಟು, ಯಾವ ದಿನದೊಳಗೆ ರದ್ದು ಮಾಡಿದರೆ ಎಷ್ಟು ವಾಪಸ್ ಎಂಬುದೂ ಇರಲಿ.